ತವಾ ಮೇಲಿನ ಕಾಟ್ಲಾ: ಉರಿ ಎಷ್ಟು, ನಿಮಿಷ ಎಷ್ಟು

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಹೊಸಕೋಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಮೀನಿನಂಗಡಿ ಮುಂದೆ ಜನ ನಿಂತಿರುತ್ತಾರೆ. ಮೀನು ಇಲ್ಲಿಗೆ ಎರಡು ಕಡೆಯಿಂದ ಬರುತ್ತದೆ. ಒಂದು, ಮಂಗಳೂರು ಕಡೆಯಿಂದ ಹಾಸನದ ಮೇಲೆ ನೆಲಮಂಗಲ ತಲುಪುವ ಹೆದ್ದಾರಿ. ಐಸು ತುಂಬಿದ ಗಾಡಿಗಳಲ್ಲಿ ಅಂಜಲ್, ಬಂಗುಡೆ, ಭೂತಾಯಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದು ಇಳಿಯುತ್ತವೆ. ಇನ್ನೊಂದು, ಊರ ಕೆರೆ. ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳು ಬೆಳೆದು, ಬಲೆಗೆ ಬಿದ್ದು ಅಂಗಡಿಗೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಎರಡು ತಿಂಗಳು, ಈ ಎರಡನೇ ದಾರಿಯ ಮೀನಿನದೇ ದರ್ಬಾರು.

ಅಂಗಡಿಯವರು ಮೀನು ತೂಗಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: "ಸಾರಿಗಾ ಅಕ್ಕಾ, ಫ್ರೈಗಾ?" ಸಾರಿನ ಮೀನಿಗೆ ದಪ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಹುಳಿಯಲ್ಲಿ ಮುಳುಗಿದ ತುಂಡು ನೂರು ಡಿಗ್ರಿ ದಾಟಲಾರದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದೇವನಹಳ್ಳಿ ಸೀಮೆಯಲ್ಲಂತೂ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಫ್ರೈ ಹಾಗಲ್ಲ. ತವಾದ ಎಣ್ಣೆ 170–180 ಡಿಗ್ರಿಯಲ್ಲಿರುತ್ತದೆ. ಅಲ್ಲಿ ಒಂದು ನಿಮಿಷ ಹೆಚ್ಚಾದರೂ ಕಡಿಮೆಯಾದರೂ ನಾಲಿಗೆಗೆ ಗೊತ್ತಾಗುತ್ತದೆ. ಮನೆಗಳಲ್ಲಿ ಆಗುವ ತಪ್ಪುಗಳೂ ಎರಡೇ ಬಗೆ. ಮಸಾಲೆಯೆಲ್ಲ ತವಾಕ್ಕೆ ಅಂಟಿ ಮೀನು ಬೋಳಾಗಿ ಏಳುವುದು ಒಂದು. ಹೊರಗೆ ಕೆಂಪಗೆ ಗರಿಗರಿಯಾಗಿದ್ದರೂ ಒಳಗೆ ಹತ್ತಿಯ ಹಾಗೆ ಒಣಗಿ ಗಂಟಲಿಗೆ ಸಿಕ್ಕಿಕೊಳ್ಳುವುದು ಇನ್ನೊಂದು.

ಈ ಎರಡಕ್ಕೂ ಮೂಲ ಒಂದೇ. ಒಂದೇ ತುಂಡಿನ ಹೊರಭಾಗಕ್ಕೂ ಒಳಭಾಗಕ್ಕೂ ಬೇಕಾದ ಬಿಸಿ ಬೇರೆ ಬೇರೆ. ಹೊದಿಕೆ ಕೆಂಪಾಗಿ ಘಮ್ಮೆನ್ನಬೇಕಾದರೆ ಅದರ ಮೇಲ್ಮೈ 140 ಡಿಗ್ರಿ ದಾಟಬೇಕು. ಮೀನಿನ ಮಾಂಸದ ಕಥೆ ಅದಕ್ಕಿಂತ ಬಹಳ ಕೆಳಗೇ ಮುಗಿದುಹೋಗುತ್ತದೆ. ಸುಮಾರು 50 ಡಿಗ್ರಿಗೆ ಅದರ ಪಾರದರ್ಶಕ ಬಣ್ಣ ಹೋಗಿ ಬಿಳಿಯಾಗಲು ಶುರುವಾಗುತ್ತದೆ, 55 ದಾಟಿದರೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ, 60ರ ಮೇಲೆ ಸ್ನಾಯುವಿನ ಎಳೆಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. 70 ದಾಟಿದ ಮೇಲೆ ಉಳಿಯುವುದು ನಾರು. ಕೋಳಿ, ಕುರಿಯ ಮಾಂಸಕ್ಕೆ ಇರುವ ಗಟ್ಟಿ ಸಂಯೋಜಕ ಅಂಗಾಂಶ ಮೀನಿಗೆ ಕಡಿಮೆ. ಹಾಗಾಗಿ ಹೆಚ್ಚು ಬೇಯಿಸಿ ಮೆದುವಾಗಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಬೇಯಿಸಿದಷ್ಟೂ ಒಣಗುತ್ತದೆ, ಅಷ್ಟೇ.

ಇನ್ನು ಆರೋಗ್ಯದ ಮಾತು. ಮೀನಿನ ಮಧ್ಯಭಾಗ 63 ಡಿಗ್ರಿ ಮುಟ್ಟಿದರೆ ರೋಗಾಣು, ಪರಾವಲಂಬಿಗಳ ಭಯವಿಲ್ಲ ಎಂಬುದು ಅಮೆರಿಕದ ಆಹಾರ ಸುರಕ್ಷತಾ ಇಲಾಖೆಗಳು ಇಟ್ಟುಕೊಂಡಿರುವ ಅಳತೆ. ಕೆರೆ ಮೀನಿಗೆ ಈ ಅಳತೆಯನ್ನು ಬಿಡಬಾರದು. ಸಿಹಿನೀರಿನ ಮೀನನ್ನು ಅರೆಬೆಂದಂತೆ ತಿನ್ನುವ ಪದ್ಧತಿ ನಮ್ಮಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಗುರಿ ಇಷ್ಟು: ತುಂಡಿನ ನಡುಭಾಗ 63ರ ಆಸುಪಾಸಿನಲ್ಲಿ ನಿಲ್ಲಬೇಕು, ಅಷ್ಟರೊಳಗೆ ಹೊದಿಕೆ ಕೆಂಪಾಗಿರಬೇಕು. ಎರಡೂ ಕೆಲಸ ಒಂದೇ ಹೊತ್ತಿಗೆ ಮುಗಿಯುವಂತೆ ಮಾಡುವುದು ತುಂಡಿನ ದಪ್ಪ. ಉರಿಯ ಮಾತು ಆಮೇಲಿನದು.

ಕೆನಡಾದ ಮೀನುಗಾರಿಕೆ ಇಲಾಖೆ ಹಿಂದೆ ಒಂದು ಸರಳ ಲೆಕ್ಕವನ್ನು ಜನಪ್ರಿಯಗೊಳಿಸಿತ್ತು: ಅತಿ ದಪ್ಪವಿರುವ ಕಡೆ ಅಳೆದು, ಪ್ರತಿ ಇಂಚಿಗೆ 10 ನಿಮಿಷ ಬೇಯಿಸಿ ಎಂದು. ಮೀನು ಹುರಿಯುವವರು ಇಂದಿಗೂ ಅದನ್ನು ನೆಚ್ಚುತ್ತಾರೆ. ಅರ್ಧದಿಂದ ಮುಕ್ಕಾಲು ಇಂಚಿನ ತುಂಡಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಶಾಖ ಹೊರಗಿನಿಂದ ಒಳಕ್ಕೆ ಇಳಿಯುವ ವೇಗ ಆ ಲೆಕ್ಕದಷ್ಟು ಸರಳವಲ್ಲ. ದಪ್ಪ ಇಮ್ಮಡಿಯಾದರೆ, ಶಾಖ ನಡುಭಾಗ ಮುಟ್ಟಲು ಬೇಕಾದ ಹೊತ್ತು ಇಮ್ಮಡಿಗಿಂತ ಬಹಳ ಹೆಚ್ಚಾಗುತ್ತದೆ, ನಾಲ್ಕು ಪಟ್ಟಿನ ಹತ್ತಿರಕ್ಕೂ ಹೋಗಬಹುದು. ಹಾಗಾಗಿ ಕಾಲಿಂಚಿನ ತೆಳು ಹೋಳಿಗೆ ಈ ನಿಯಮ ಹೆಚ್ಚು ನಿಮಿಷ ಕೊಟ್ಟುಬಿಡುತ್ತದೆ. ಇಂಚು ದಾಟಿದ ದಪ್ಪ ತುಂಡಿಗೆ ಕಡಿಮೆ ಕೊಡುತ್ತದೆ.

ಅಂಗಡಿಯಲ್ಲಿ ಹೇಳಬೇಕಾದ ಅಳತೆ ಕಿರುಬೆರಳಿನ ಅಗಲ, ಅಂದರೆ ಸುಮಾರು 15 ಮಿಲಿಮೀಟರ್. ಅದಕ್ಕಿಂತ ತೆಳುವಾದರೆ ಹೊದಿಕೆ ಕೆಂಪಾಗುವ ಮೊದಲೇ ಒಳಗೆ ಒಣಗಿರುತ್ತದೆ. ಹೆಬ್ಬೆರಳಿನಷ್ಟಾದರೆ ಹೊದಿಕೆ ಕರಿದಾಗುವ ಹೊತ್ತಿಗೂ ಮುಳ್ಳಿನ ಬುಡದಲ್ಲಿ ರಕ್ತದ ಕೆಂಪು ಉಳಿದಿರುತ್ತದೆ. ಎಲ್ಲ ತುಂಡೂ ಒಂದೇ ದಪ್ಪ ಇರಬೇಕೆಂಬುದು ಇನ್ನೂ ಮುಖ್ಯ. ಒಂದೇ ತವಾದಲ್ಲಿ ಒಂದು ತೆಳು, ಒಂದು ದಪ್ಪ ಬಿದ್ದರೆ ಯಾವ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ. ಎರಡೂವರೆ ಕೆ.ಜಿ. ತೂಗುವ ಕಾಟ್ಲಾ ಫ್ರೈಗೆ ಒಳ್ಳೆಯ ಗಾತ್ರ. ತಲೆ, ಬಾಲ ಸಾರಿಗೆ ಹೋಗಲಿ; ನಡುಭಾಗದ ಹೋಳುಗಳನ್ನು ಫ್ರೈಗೆ ಇಟ್ಟುಕೊಳ್ಳಬೇಕು.

ಅಡ್ಡಕ್ಕೆ ಕೊಯ್ದ ಈ ಹೋಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಪಾಠ ಅಲ್ಲೇ ಇದೆ. ಮೇಲೆ ಬೆನ್ನಿನ ದಪ್ಪ ಮಾಂಸ, ನಡುವೆ ಬೆನ್ನುಮೂಳೆಯ ಗುಂಡು, ಕೆಳಗೆ ಹೊಟ್ಟೆಯ ಎರಡು ತೆಳು ರೆಕ್ಕೆಗಳು, ಸುತ್ತ ಚರ್ಮ. ಹೊಟ್ಟೆಯ ರೆಕ್ಕೆ ಮೊದಲು ಬೇಯುತ್ತದೆ, ಮೂಳೆಯ ಪಕ್ಕದ ಮಾಂಸ ಕೊನೆಗೆ. ಕಾಟ್ಲಾ, ರೋಹು ಎರಡೂ ಕೊಬ್ಬು ಕಡಿಮೆ ಇರುವ ಮೀನು. ಹೊಟ್ಟೆಯ ಭಾಗದಲ್ಲಷ್ಟೇ ಒಂದಿಷ್ಟು ಜಿಡ್ಡಿದೆ. ಬೆನ್ನಿನ ಮಾಂಸಕ್ಕೆ ತೇವ ಕಾಪಾಡಿಕೊಳ್ಳಲು ಕೊಬ್ಬಿನ ನೆರವಿಲ್ಲ. ಆದ್ದರಿಂದ ತವಾದ ಮೇಲೆ ಜೋಡಿಸುವಾಗ ಬೆನ್ನಿನ ಭಾಗ ಉರಿ ಜೋರಾಗಿರುವ ನಡುಮಧ್ಯಕ್ಕೆ, ಹೊಟ್ಟೆಯ ಭಾಗ ಅಂಚಿಗೆ ಬರುವಂತೆ ಇಡುವುದು ಲೇಸು. ಇದು ಚಿಕ್ಕ ವಿಷಯ, ಆದರೆ ಇದೊಂದರಿಂದಲೇ ಹೊಟ್ಟೆ ಪೀಸು ಮುರುಟಿಕೊಳ್ಳುವುದು ತಪ್ಪುತ್ತದೆ.

ತವಾ ಒಲೆಗೆ ಏರುವ ಮುಂಚೆ ಆಗಬೇಕಾದ ಕೆಲಸ ನೀರಿನದು. ಫ್ರೈ ಕೆಡುವುದು ಬಹುಪಾಲು ಇಲ್ಲಿಯೇ. ಮೀನಿಗೆ ಉಪ್ಪು ಹಾಕಿದ ಹದಿನೈದು ನಿಮಿಷಕ್ಕೆ ಅದು ನೀರು ಬಿಡುತ್ತದೆ. ನಾವು ಅದರ ಮೇಲೇ ಶುಂಠಿ ಬೆಳ್ಳುಳ್ಳಿ ಪೇಸ್ಟು, ನಿಂಬೆರಸ, ಖಾರದ ಪುಡಿ ಎಲ್ಲ ಸುರಿದು, ಬೇಕಿದ್ದರೆ ಇನ್ನಷ್ಟು ನೀರು ಸೇರಿಸಿ ಕಲಸುತ್ತೇವೆ. ಹೀಗೆ ಸವರಿದ ಮಸಾಲೆ ತವಾಕ್ಕೆ ಬಿದ್ದಾಗ ಮೊದಲು ಆಗುವುದು ಹುರಿಯುವಿಕೆ ಅಲ್ಲ, ಬೇಯುವಿಕೆ. ನೀರು ಆವಿಯಾಗಿ ಮುಗಿಯುವ ತನಕ ಆ ಜಾಗದ ಬಿಸಿ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. 140 ಎಲ್ಲಿಂದ ಬರಬೇಕು? ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ದೊಡ್ಡ ಚಮಚ ನೀರನ್ನು ಬಿಸಿ ಮಾಡಿ ಪೂರ್ತಿ ಆವಿಯಾಗಿಸಲು ಸುಮಾರು 40 ಕಿಲೋಜೂಲ್ ಶಾಖ ಬೇಕು. ಮಧ್ಯಮ ಉರಿಯಲ್ಲಿ ಗ್ಯಾಸ್ ಒಲೆಯಿಂದ ತವಾಕ್ಕೆ ಸೇರುವುದು 1 ಕಿಲೋವಾಟ್ ಎಂದುಕೊಂಡರೂ, ಆ ಒಂದು ಚಮಚ ನೀರು ತವಾದ ಪೂರ್ತಿ ಶಾಖವನ್ನು 40 ಸೆಕೆಂಡು ನುಂಗುತ್ತದೆ. ನಾಲ್ಕು ತುಂಡಿನ ಒದ್ದೆ ಮಸಾಲೆಯಲ್ಲಿ ಮೂರು ಚಮಚ ಹೆಚ್ಚುವರಿ ನೀರಿದ್ದರೆ ಎರಡು ನಿಮಿಷ ಅಲ್ಲಿಗೇ ಹೋಯಿತು. ಆ ಎರಡು ನಿಮಿಷದಲ್ಲಿ ಒಳಗಿನ ಮಾಂಸ ಬೇಯುತ್ತಲೇ ಇರುತ್ತದೆ, ಹೊರಗೆ ಮಾತ್ರ ಏನೂ ಆಗಿರುವುದಿಲ್ಲ.

ಉಪ್ಪನ್ನೇ ಬಿಡಬೇಕೆಂದೇನಿಲ್ಲ. ಉಪ್ಪು ಮಾಂಸದ ಹೊರಪದರವನ್ನು ಕೊಂಚ ಗಟ್ಟಿ ಮಾಡಿ, ತುಂಡು ಮುರಿಯದಂತೆ ನೋಡಿಕೊಳ್ಳುತ್ತದೆ, ರುಚಿಯೂ ಒಳಗಿಳಿಯುತ್ತದೆ. ಉಪ್ಪು ಹಾಕಿ, ಅದು ಬಿಟ್ಟ ನೀರನ್ನು ಚೆಲ್ಲಿ, ಶುಭ್ರ ಬಟ್ಟೆಯಲ್ಲಿ ತುಂಡಿನ ಎರಡೂ ಬದಿ ಒತ್ತಿ ಒರೆಸಿ, ಆಮೇಲೆ ಮಸಾಲೆ ಸವರಿದರೆ ಸಾಕು. ಮೀನು ತೊಳೆಯುವುದು, ಉಪ್ಪು, ಒರೆಸುವುದು, ಮಸಾಲೆ, ಹೊದಿಕೆ: ಇದೇ ಕ್ರಮ. ಒರೆಸುವ ಹೆಜ್ಜೆಯನ್ನು ಬಿಟ್ಟವರಿಗೆ ಯಾವ ಕಂಪನಿಯ ಫಿಶ್ ಫ್ರೈ ಮಸಾಲೆಯೂ ನೆರವಾಗದು.

ಹುಳಿಗೂ ಒಂದು ಮಿತಿಯಿದೆ. ನಿಂಬೆರಸ ಬೆಂಕಿಯಿಲ್ಲದೆಯೇ ಮೀನಿನ ಪ್ರೋಟೀನನ್ನು ಬಿಗಿ ಮಾಡುತ್ತದೆ. ಗಂಟೆಗಟ್ಟಲೆ ಬಿಟ್ಟರೆ ಮೇಲ್ಪದರ ಸುಣ್ಣದಂತೆ ಬಿಳಚಿ ಪುಡಿಪುಡಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೆ ಕೆರೆ ಮೀನಿಗೆ ಹುಳಿ ಬೇಕೇ ಬೇಕು. ಕೆಲವು ಕೆರೆಗಳ ಮೀನಿಗೆ ಮಣ್ಣಿನ ವಾಸನೆ ಬರುವುದು ನೀರಿನ ಪಾಚಿ, ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನಿಂದ. ಹುಳಿ ಅದನ್ನು ಒಡೆಯುತ್ತದೆ. ನಮ್ಮ ಕಡೆ ಮೀನನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆಯುವ ರೂಢಿಗೆ ಇರುವ ಆಧಾರ ಇದೇ.

ಈ ರೂಢಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೀನು ಹುರಿಯುವ ಕ್ರಮವಿದೆ. ತುಂಡು ಮಾಡಿದ ಮೀನಿಗೆ ಹುಣಸೆಯ ಹುಳಿ, ಅದರ ಮೇಲೆ ಧಾರಾಳವಾಗಿ ಗೋಧಿ ಹಿಟ್ಟು, ಕಾದ ಎಣ್ಣೆಯಲ್ಲಿ ಕೆಂಪಗಾಗುವ ತನಕ ಹುರಿಯುವುದು. ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ ಸೇರಿಸುವುದು. ಕೆಂಪು ಮೆಣಸಿನಕಾಯಿ ಆಗಿನ್ನೂ ಈ ದೇಶಕ್ಕೆ ಬಂದಿರಲಿಲ್ಲ. ಒಂಬತ್ತು ನೂರು ವರ್ಷ ಕಳೆದರೂ ಹುಳಿ, ಒಣ ಹಿಟ್ಟಿನ ಹೊದಿಕೆ, ಕಾದ ಎಣ್ಣೆ ಎಂಬ ಮೂರು ಮೆಟ್ಟಿಲು ಬದಲಾಗಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

ಹೊದಿಕೆಗೆ ಇಂದು ಗೋಧಿ ಹಿಟ್ಟಿಗಿಂತ ಒಳ್ಳೆಯ ಆಯ್ಕೆಗಳಿವೆ. ಗೋಧಿ ಹಿಟ್ಟು, ಮೈದಾ ಎರಡರಲ್ಲೂ ಅಂಟು ಇರುವುದರಿಂದ ಹೊದಿಕೆ ಬೇಗ ಮೆತ್ತಗಾಗುತ್ತದೆ. ಕಡಲೆ ಹಿಟ್ಟು ಬೇಗ ಕಪ್ಪಾಗುತ್ತದೆ. ಅಕ್ಕಿ ಹಿಟ್ಟಿನಲ್ಲಿ ಅಂಟಿಲ್ಲ, ತೆಳ್ಳಗೆ ಗಟ್ಟಿ ಗರಿ ಕೊಡುತ್ತದೆ. ರವೆ ಕಾಳುಕಾಳಾಗಿ ನಿಂತು ಕಚ್ಚಿದಾಗ ಸದ್ದು ಕೊಡುತ್ತದೆ. ಮಾಂಸಕ್ಕೂ ತವಾಕ್ಕೂ ನಡುವೆ ತೆಳುವಾದ ತಡೆಯಾಗಿ ನಿಂತು ಖಾರದ ಪುಡಿ ಸೀಯದಂತೆಯೂ ಕಾಯುತ್ತದೆ. ಉಪ್ಪಿಟ್ಟಿನ ದಪ್ಪ ರವೆ ಉದುರಿಹೋಗುತ್ತದೆ, ಚಿರೋಟಿ ರವೆ ಅಂಟಿ ನಿಲ್ಲುತ್ತದೆ. ಎರಡು ಪಾಲು ಚಿರೋಟಿ ರವೆಗೆ ಒಂದು ಪಾಲು ಅಕ್ಕಿ ಹಿಟ್ಟು ಬೆರೆಸಿದರೆ ಕಾಟ್ಲಾಕ್ಕೂ ಅಂಜಲಿಗೂ ಹೊಂದುವ ಹೊದಿಕೆ ಸಿದ್ಧ. ಅದರಲ್ಲಿ ಹೊರಳಿಸಿದ ತುಂಡನ್ನು ಹತ್ತು ನಿಮಿಷ ತಟ್ಟೆಯಲ್ಲಿ ಬಿಟ್ಟರೆ ರವೆ ಮಸಾಲೆಯ ತೇವ ಹೀರಿ ಕಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟರೆ ಅದೇ ತೇವಕ್ಕೆ ಪಿಚಪಿಚ ಎನ್ನತೊಡಗುತ್ತದೆ.

ಈಗ ಒಂದು ಅಡುಗೆಯನ್ನು ಮೊದಲಿನಿಂದ ಕೊನೆಯ ತನಕ ನೋಡೋಣ. ನಾಲ್ಕು ತುಂಡು ಕಾಟ್ಲಾ, ಕಿರುಬೆರಳಿನ ದಪ್ಪ, ಒಂದೊಂದು 120–150 ಗ್ರಾಂ. ಅರ್ಧ ಚಮಚಕ್ಕೆ ಕೊಂಚ ಮೇಲೆ ಉಪ್ಪು, ಕಾಲು ಚಮಚ ಅರಿಶಿನ, ಅರ್ಧ ನಿಂಬೆಹಣ್ಣಿನ ರಸ ಸವರಿ ಹದಿನೈದು ನಿಮಿಷ ಇಡಬೇಕು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ತುಂಡುಗಳನ್ನು ಒರೆಸಬೇಕು. ಎರಡು ಚಮಚ ಬ್ಯಾಡಗಿ ಮೆಣಸಿನಪುಡಿ, ಒಂದು ಚಮಚ ಧನಿಯಾ ಪುಡಿ, ಅರ್ಧ ಚಮಚ ಕಾಳುಮೆಣಸು, ನುಣ್ಣಗೆ ಅರೆದ ಒಂದು ಚಮಚ ಶುಂಠಿ ಬೆಳ್ಳುಳ್ಳಿ. ಇದನ್ನು ನೀರಿನ ಬದಲು ಎರಡು ಚಮಚ ಎಣ್ಣೆಯಲ್ಲಿ ಕಲಸಿದರೆ ಗಟ್ಟಿ ಲೇಪವಾಗುತ್ತದೆ. ಬೆಳ್ಳುಳ್ಳಿ ತರಿತರಿಯಾಗಿದ್ದರೆ ಆ ತರಿಗಳೇ ಮೊದಲು ಸೀದು ಕಹಿಯಾಗುತ್ತವೆ, ಆದ್ದರಿಂದ ನುಣ್ಣಗೆ ಇರಲಿ. ಲೇಪ ತೆಳ್ಳಗೆ ಸವರಿ, ರವೆಯಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ ಹತ್ತು ನಿಮಿಷ ಬಿಡಬೇಕು.

ತವಾ ಕಬ್ಬಿಣದ್ದಾದರೆ ಒಳ್ಳೆಯದು. ದೋಸೆ ಹುಯ್ದು ಪಳಗಿದ ಕಾವಲಿಯಾದರೆ ಇನ್ನೂ ಒಳ್ಳೆಯದು. ಕಬ್ಬಿಣ ನಿಧಾನಕ್ಕೆ ಕಾಯುತ್ತದೆ, ಆದರೆ ತಣ್ಣನೆಯ ಮೀನು ಬಿದ್ದಾಗ ಬೇಗ ಸೋಲುವುದಿಲ್ಲ. ತೆಳು ನಾನ್‌ಸ್ಟಿಕ್ ತವಾ ಬೇಗ ಕಾಯ್ದು ಬೇಗ ಆರುತ್ತದೆ. ಅದರಲ್ಲಿ ಒಮ್ಮೆಗೆ ಎರಡೇ ತುಂಡು ಹಾಕಬೇಕು, ಹೊಗೆಯಾಡುವಷ್ಟು ಕಾಯಿಸಲೂಬಾರದು. ಕಬ್ಬಿಣದ ತವಾವನ್ನು ಮಧ್ಯಮ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಖಾಲಿ ಕಾಯಿಸಿ, ಆಮೇಲೆ ಮೂರು ದೊಡ್ಡ ಚಮಚ ಎಣ್ಣೆ ಬಿಡಬೇಕು. ಹೊದಿಕೆಯ ತಗ್ಗುದಿಣ್ಣೆಗಳನ್ನು ತುಂಬಿ ತವಾದ ಶಾಖವನ್ನು ಎಲ್ಲ ಕಡೆಗೂ ಮುಟ್ಟಿಸುವುದು ಈ ಎಣ್ಣೆಯೇ. ಎಣ್ಣೆ ಉಳಿಸಲು ಹೋಗಿ ಒಂದೇ ಚಮಚ ಹಾಕಿದರೆ ರವೆ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಹಸಿ ಉಳಿಯುತ್ತದೆ. ಇತ್ತೀಚೆಗೆ ಗಾಣದ ಎಣ್ಣೆ ತರುವ ಮನೆಗಳು ಹೆಚ್ಚಾಗಿವೆ. ಗಾಣದ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ರಿಫೈನ್ಡ್ ಎಣ್ಣೆಗಿಂತ ಬಹಳ ಬೇಗ ಹೊಗೆಯಾಡುತ್ತವೆ. ಅವನ್ನು ಬಳಸುವವರು ಉರಿಯನ್ನು ಒಂದು ಹದ ಕೆಳಗೇ ಇಟ್ಟುಕೊಳ್ಳಬೇಕು.

ಎಣ್ಣೆ ಹದಕ್ಕೆ ಬಂತೆಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಒಂದು ಚಿಟಿಕೆ ರವೆ ಹಾಕಿ ನೋಡಿದರಾಯಿತು. ರವೆ ಸುಮ್ಮನೆ ಬಿದ್ದಿದ್ದರೆ ಎಣ್ಣೆ ಕಾದಿಲ್ಲ. ಬಿದ್ದ ತಕ್ಷಣ ಕಪ್ಪಾದರೆ ಮಿತಿ ಮೀರಿದೆ. ಸುತ್ತ ಸಣ್ಣ ಗುಳ್ಳೆಯೆದ್ದು, ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಮೀನು ಬಿಡುವ ಹೊತ್ತು. ಎಣ್ಣೆ ಹೊಗೆಯಾಡಿದರೆ ಒಲೆಯಿಂದ ಇಳಿಸಿ ಅರ್ಧ ನಿಮಿಷ ಆರಲು ಬಿಡಬೇಕು. ಬ್ಯಾಡಗಿ ಮೆಣಸಿನ ಬಣ್ಣ ಆ ಬಿಸಿಯನ್ನು ತಡೆಯದು, ಕ್ಷಣದಲ್ಲಿ ಕಂದಿ ಕಹಿಯಾಗುತ್ತದೆ.

ಮೊದಲ ನಿಮಿಷ ಎಲ್ಲಕ್ಕಿಂತ ಮುಖ್ಯವಾದದ್ದು. ತಣ್ಣನೆಯ ಮೂರು ತುಂಡು ಬಿದ್ದ ಕೂಡಲೇ ತವಾದ ಬಿಸಿ ಇಳಿಯುತ್ತದೆ, ಹಾಗಾಗಿ ತುಂಡು ಬಿಟ್ಟ ಕ್ಷಣ ಉರಿಯನ್ನು ಕೊಂಚ ಏರಿಸಿ, ಒಂದು ನಿಮಿಷದ ಮೇಲೆ ಮತ್ತೆ ಮಧ್ಯಮಕ್ಕೆ ತರಬೇಕು. ಹತ್ತಿಂಚಿನ ತವಾದಲ್ಲಿ ಮೂರಕ್ಕಿಂತ ಹೆಚ್ಚು ತುಂಡು ಬೇಡ. ತುಂಡುಗಳ ನಡುವೆ ಒಂದು ಬೆರಳು ಜಾಗವಿದ್ದರೆ ಆವಿ ಮೇಲಕ್ಕೆ ಹೋಗುತ್ತದೆ. ಒತ್ತೊತ್ತಾಗಿ ತುಂಬಿದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತದೆ.

ಆಮೇಲೆ ಕೈ ಕಟ್ಟಿಕೊಂಡು ನಿಲ್ಲಬೇಕು. ಹಸಿ ಮೀನಿನ ಪ್ರೋಟೀನು ಬಿಸಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಹೊದಿಕೆ ಗಟ್ಟಿಯಾಗಿ ಒಣಗಿದ ಮೇಲೆ ತಾನಾಗಿಯೇ ಬಿಟ್ಟುಕೊಡುತ್ತದೆ. ಅಂಟಿದೆಯೆಂದು ಗಾಬರಿಯಿಂದ ಒಂದೂವರೆ ನಿಮಿಷಕ್ಕೇ ಕೆದಕುವವರ ತವಾದಲ್ಲೇ ಮಸಾಲೆ ಉಳಿಯುವುದು. ಕಣ್ಣಿಗಿಂತ ಇಲ್ಲಿ ಕಿವಿ ಹೆಚ್ಚು ನಂಬಿಕಸ್ಥ. ಮೊದಲು ಕೇಳುವ ಜೋರು ಚೊಂಯ್ ಸದ್ದು ಹೊದಿಕೆಯ ನೀರು ಆವಿಯಾಗುವ ಸದ್ದು. ಎರಡೂವರೆ ಮೂರು ನಿಮಿಷಕ್ಕೆ ಸದ್ದು ತೆಳುವಾಗುತ್ತದೆ, ದೊಡ್ಡ ಗುಳ್ಳೆ ಹೋಗಿ ಸಣ್ಣ ಗುಳ್ಳೆ ಉಳಿಯುತ್ತದೆ: ನೀರು ಮುಗಿಯಿತು, ಕೆಂಪೇರುವುದು ಶುರುವಾಯಿತು ಎಂದರ್ಥ. ತುಂಡು ಬಿಟ್ಟ ಕೂಡಲೇ ಸದ್ದು ಅಡಗಿದರೆ ಮಾತ್ರ ಅದು ಬೇರೆ ಸೂಚನೆ. ಎಣ್ಣೆ ಕಾದಿರಲಿಲ್ಲ, ಉರಿ ಏರಿಸಬೇಕು.

ಮೂರೂವರೆ ನಿಮಿಷಕ್ಕೆ ತುಂಡಿನ ಪಕ್ಕದ ಅಂಚನ್ನು ನೋಡಬೇಕು. ರವೆಯ ಸಂದಿನಲ್ಲಿ, ಚರ್ಮದ ಪಕ್ಕದಲ್ಲಿ ಮಾಂಸದ ಬಿಳುಪು ಕೆಳಗಿನಿಂದ ಮೇಲಕ್ಕೆ ಏರುತ್ತಿರುವುದು ಕಾಣುತ್ತದೆ. ಅದು ಅರ್ಧ ದಾಟಿದಾಗ ಮಗುಚಬೇಕು, ಅಗಲವಾದ ಮಗುಚುವ ಕೈಯನ್ನು ಪೂರ್ತಿ ಅಡಿಗೆ ತೂರಿಸಿ, ಒಂದೇ ಸಲಕ್ಕೆ. ಮಗುಚಿದ ಮೇಲೆ ಇನ್ನೊಂದು ಚಮಚ ಎಣ್ಣೆ ಅಂಚಿನಿಂದ ಬಿಡಬಹುದು. ಎರಡನೇ ಬದಿಗೆ ಎರಡೂವರೆ ನಿಮಿಷ ಸಾಕು, ಏಕೆಂದರೆ ಮೊದಲ ಬದಿಯಿಂದ ಬಂದ ಶಾಖ ಒಳಗೆ ಆಗಲೇ ಅರ್ಧ ದಾರಿ ನಡೆದಿದೆ. ಎರಡೂ ಬದಿಗೆ ಮೂರೂವರೆ ಮೂರೂವರೆ ಎಂದು ಸಮ ಮಾಡುವವರ ಮೀನು ಒಣಗುವುದು ಈ ಕೊನೆಯ ನಿಮಿಷದಲ್ಲಿ.

ಒಟ್ಟು ಆರು ನಿಮಿಷ. ಕೆನಡಾದವರ ಲೆಕ್ಕಕ್ಕೂ ಇದು ಸರಿಹೊಂದುತ್ತದೆ.

ಬೆಂದಿದೆಯೇ ಎಂದು ನೋಡುವ ಜಾಗ ಬೆನ್ನುಮೂಳೆಯ ಪಕ್ಕ. ಸಣ್ಣ ಚಾಕುವಿನ ತುದಿಯನ್ನು ಅಲ್ಲಿ ಇಳಿಸಿ ಮೆಲ್ಲಗೆ ಅಲುಗಿಸಿದಾಗ ಮಾಂಸ ಮೂಳೆಯಿಂದ ಬಿಟ್ಟುಬಂದರೆ, ಒಳಗೆ ಗಾಜಿನಂಥ ಹಸಿ ಬಣ್ಣ ಇಲ್ಲದಿದ್ದರೆ, ಕೆಂಪು ರಸ ಕಾಣದಿದ್ದರೆ ಬೆಂದಿದೆ. ತುಂಡಿನ ಪಕ್ಕದಲ್ಲಿ ಬಿಳಿ ಮೊಸರಿನಂಥ ಹನಿಗಳು ಹೊರಬಂದು ಹೆಪ್ಪುಗಟ್ಟಿದರೆ ಅದು ಎಚ್ಚರಿಕೆ. ಮಾಂಸ ಹಿಂಡಿಕೊಳ್ಳಲು ಶುರುಮಾಡಿದೆ, ಈಗಲೇ ಇಳಿಸಬೇಕು. ಇಳಿಸಿದ ಮೇಲೂ ಹೊರಪದರದ ಬಿಸಿ ಒಂದೆರಡು ನಿಮಿಷ ಒಳಕ್ಕೆ ಇಳಿಯುತ್ತಲೇ ಇರುತ್ತದೆ, ನಡುಭಾಗ ಮೂರ್ನಾಲ್ಕು ಡಿಗ್ರಿ ಇನ್ನೂ ಏರುತ್ತದೆ. ಅನುಭವಿಗಳು ಮೀನನ್ನು ಕೊಂಚ ಮುಂಚೆಯೇ ಎತ್ತುವುದು ಇದೇ ಕಾರಣಕ್ಕೆ.

ಇಳಿಸಿದ ತುಂಡನ್ನು ಪೇಪರಿನ ಮೇಲೆ ಒಂದರ ಮೇಲೊಂದು ಪೇರಿಸಿದರೆ ಅಷ್ಟು ಹೊತ್ತಿನ ಶ್ರಮ ವ್ಯರ್ಥ. ಬಿಸಿ ತುಂಡಿನ ಅಡಿಯಲ್ಲಿ ಆವಿ ಸಿಕ್ಕಿಕೊಂಡು ಹೊದಿಕೆ ನೆನೆಯುತ್ತದೆ. ಎಣ್ಣೆಯ ವಿಷಯದಲ್ಲೂ ಒಂದು ಮಾತು ತಿಳಿದಿರಬೇಕು. ತವಾದಲ್ಲಿರುವಾಗ ಹೊರಬರುತ್ತಿರುವ ಆವಿ ಎಣ್ಣೆಯನ್ನು ಒಳಬಿಡುವುದಿಲ್ಲ; ಹೊರತೆಗೆದು ತಣಿಯತೊಡಗಿದಾಗಲೇ ಮೇಲೆ ಉಳಿದ ಎಣ್ಣೆಯನ್ನು ಹೊದಿಕೆ ಹೀರುವುದು ಹೆಚ್ಚು. ಆದ್ದರಿಂದ ತೆಗೆಯುವಾಗಲೇ ತುಂಡನ್ನು ತವಾದ ಅಂಚಿನಲ್ಲಿ ಹತ್ತು ಸೆಕೆಂಡು ಓರೆ ನಿಲ್ಲಿಸಿ ಎಣ್ಣೆ ಬಸಿದು, ಒಂದು ಜಾಲರಿಯ ಮೇಲೆ ಇಟ್ಟರೆ ಎರಡೂ ಬದಿ ಗಾಳಿಯಾಡುತ್ತದೆ. ಮುಂದಿನ ತುಂಡುಗಳನ್ನು ಹಾಕುವ ಮುಂಚೆ ತವಾದಲ್ಲಿ ಉಳಿದ ಸೀದ ರವೆಯನ್ನು ಒರೆಸಿ, ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಕೊಡಬೇಕು. ಎರಡನೇ ಸರದಿಯ ಮೀನಿನ ಮೇಲೆ ಕಾಣುವ ಕಪ್ಪು ಚುಕ್ಕೆಗಳು ಮೊದಲನೆಯದರ ಪಳೆಯುಳಿಕೆ.

ಕಾಟ್ಲಾ ಬಿಟ್ಟು ಬೇರೆ ಮೀನಾದರೆ ಲೆಕ್ಕ ಕೊಂಚ ಅತ್ತಿತ್ತ ಆಗುತ್ತದೆ. ಅಂಜಲ್‌ನ ಹೋಳು ದುಂಡಗೆ, ಒಂದೇ ಸಮ ದಪ್ಪವಾಗಿರುವುದರಿಂದ ಹುರಿಯಲು ಸುಲಭ. ಅದೇ ದಪ್ಪಕ್ಕೆ ಅದೇ ನಿಮಿಷ. ಆದರೆ ನೆಲಮಂಗಲದ ದಾರಿಯಲ್ಲಿ ಐಸಿನಲ್ಲಿ ಬಂದದ್ದಕ್ಕೂ ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಕಲ್ಲಾಗಿದ್ದದ್ದಕ್ಕೂ ವ್ಯತ್ಯಾಸವಿದೆ. ಹೆಪ್ಪುಗಟ್ಟುವಾಗ ಐಸಿನ ಹರಳುಗಳು ಮಾಂಸದ ಎಳೆಗಳನ್ನು ಸೀಳುತ್ತವೆ, ಕರಗಿದಾಗ ನೀರು ಸುರಿಯುತ್ತದೆ. ಅಂಥದ್ದನ್ನು ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಿ ಪೂರ್ತಿ ಕರಗಿಸಿ, ಎರಡು ಸಲ ಒರೆಸಬೇಕು. ಅವಸರದಲ್ಲಿ ಅರೆಕರಗಿದ ತುಂಡನ್ನು ತವಾಕ್ಕೆ ಹಾಕಿದರೆ ಹೊರಗೆ ಕೆಂಪು, ನಡುವೆ ತಣ್ಣಗೆ ಹಸಿ. ಅದನ್ನು ಸರಿಪಡಿಸಲು ಇನ್ನೂ ಹುರಿದರೆ ಹೊದಿಕೆ ಸೀಯುತ್ತದೆ.

ಅಂಗಡಿಯವರು ಕಿವಿಗೊಡದೆ ಇಂಚಿನ ದಪ್ಪಕ್ಕೇ ಕೊಯ್ದುಕೊಟ್ಟರೆ ಏನು ಮಾಡುವುದು? ಎರಡೂ ಬದಿಯನ್ನು ಮಧ್ಯಮ ಉರಿಯಲ್ಲಿ ಮೂರು ಮೂರು ನಿಮಿಷ ಕೆಂಪಾಗಿಸಿ, ಉರಿ ಸಣ್ಣ ಮಾಡಿ, ತುಂಡುಗಳನ್ನು ತವಾದ ಅಂಚಿಗೆ ಸರಿಸಿ ಇನ್ನು ಆರೇಳು ನಿಮಿಷ, ನಡುವೆ ಒಮ್ಮೆ ತಿರುವಿ, ಬಿಡಬೇಕು. ಚರ್ಮದ ಬದಿಯ ಮೇಲೆ ತುಂಡನ್ನು ಒಂದು ನಿಮಿಷ ನಿಲ್ಲಿಸಿದರೆ ಚರ್ಮವೂ ಗರಿಗರಿಯಾಗುತ್ತದೆ, ಬೆನ್ನಿನ ಕಡೆಯಿಂದಲೂ ಶಾಖ ಇಳಿಯುತ್ತದೆ. ಬೇಗ ಬೇಯಲಿ ಎಂದು ಮುಚ್ಚಳ ಮುಚ್ಚುವುದು ಬೇಡ. ಮುಚ್ಚಳದಡಿಯ ಆವಿ ಮಾಂಸವನ್ನು ಬೇಯಿಸುತ್ತದೆ ನಿಜ, ಹೊದಿಕೆಯನ್ನು ಮಾತ್ರ ಉಪ್ಪಿಟ್ಟು ಮಾಡಿಬಿಡುತ್ತದೆ.

ಒಳಗೆ ತೇವ ಉಳಿಸಿಕೊಂಡ ಮೀನಿನ ಹೊದಿಕೆ ಬಹಳ ಹೊತ್ತು ಗರಿಗರಿಯಾಗಿ ಉಳಿಯದು. ಆ ತೇವವೇ ನಿಧಾನಕ್ಕೆ ಹೊರಗೆ ಬಂದು ರವೆಯನ್ನು ಮೆತ್ತಗೆ ಮಾಡುತ್ತದೆ. ಜಾಲರಿಯ ಮೇಲೆ ಎರಡು ನಿಮಿಷ ಇಟ್ಟ ಮೀನನ್ನು ಮುಂದಿನ ಹತ್ತು ನಿಮಿಷದೊಳಗೆ ತಿನ್ನಬೇಕು. ಆದ್ದರಿಂದ ಫ್ರೈ ಮಾಡಿಟ್ಟು ಊಟಕ್ಕೆ ಕರೆಯಬೇಡಿ. ಸಾರು ಇಳಿಸಿ, ಮುದ್ದೆ ಕಟ್ಟಿ, ಮನೆಯವರೆಲ್ಲ ಕೂತ ಮೇಲೆ ಮೀನನ್ನು ತವಾಕ್ಕೆ ಬಿಡಿ.